ಸಾರಾಂಶ ರಾಯರು

ನಮ್ಮ ಅಪಾರ್ಟ್‌ಮೆಂಟಿನ ಎ ಬ್ಲಾಕಿನ ನೆಲಮಹಡಿಯಲ್ಲಿರುವ ರಾಯರಿಗೆ ಬೇರೆ ಹೆಸರೂ ಇದೆ. ಅದು ಅವರ ಆಧಾರ್ ಕಾರ್ಡಿನಲ್ಲಿ ಸುಖವಾಗಿದೆ. ನಮಗೆಲ್ಲ ಅವರು ಸಾರಾಂಶ ರಾಯರು. ಸಂಘದ ಮಾಸಿಕ ಪತ್ರಿಕೆ ಮನೆಮನೆಗೆ ಬಂದ ಒಂದು ಗಂಟೆಯೊಳಗೆ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಅವರ ಕೈಬರಹದ ಅರ್ಧ ಹಾಳೆಯ ಚೀಟಿ ನೇತಾಡುತ್ತದೆ. ಪತ್ರಿಕೆ ಎಂಟು ಪುಟ, ಚೀಟಿ ಏಳು ಸಾಲು. ಮೂರು ಬ್ಲಾಕಿನವರೂ ಓದುವುದು ಚೀಟಿಯನ್ನೇ. ಪತ್ರಿಕೆ ಅಡುಗೆಮನೆಯ ಶೆಲ್ಫಿನಲ್ಲಿ ಡಬ್ಬಿಗಳ ಕೆಳಗೆ ಹಾಸಿಕೊಂಡು ಮಲಗುತ್ತದೆ.

ರಾಯರು ತಂತಿ ಕಚೇರಿಯಲ್ಲಿ ಕೆಲಸ ಮಾಡಿದವರು. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಕೌಂಟರಿನಲ್ಲಿ ಕೂತವರಿಗೆ ಗಿರಾಕಿಯ ಗೋಳನ್ನೆಲ್ಲ ಕೇಳಿ ಅದನ್ನು ಹತ್ತು ಪದಕ್ಕೆ ಇಳಿಸಿಕೊಡುವ ಅಭ್ಯಾಸ ತಾನಾಗಿಯೇ ಬಂದುಬಿಡುತ್ತಿತ್ತಂತೆ. 2013ರ ಜುಲೈನಲ್ಲಿ ದೇಶದ ತಂತಿ ಸೇವೆ ನಿಂತುಹೋಯಿತು. ರಾಯರ ಕೈ ನಿಲ್ಲಲಿಲ್ಲ. ಮದುವೆಯ ಕರೆಯೋಲೆ ಬಂದರೆ ಮುಹೂರ್ತ, ಛತ್ರ, ಊಟದ ಹೊತ್ತು ಇಷ್ಟನ್ನೇ ಕ್ಯಾಲೆಂಡರಿನ ಚೌಕದಲ್ಲಿ ಬರೆದುಕೊಂಡು, ಗಣಪತಿಯ ಚಿತ್ರವಿರುವ ಭಾಗವನ್ನು ಕತ್ತರಿಸಿ ದೇವರ ಮನೆಗೆ ಕಳಿಸುತ್ತಾರೆ.

ಕಳೆದ ಏಪ್ರಿಲ್ ಸಂಚಿಕೆ ಬಂದಾಗ ನಾನು ಅವರ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದೆ. 10ನೇ ತಾರೀಕು, ಗುರುವಾರ ಸಂಜೆ. ರಾಯರು ಕನ್ನಡಕ ಏರಿಸಿ, ಕಿವಿಯ ಮೇಲಿನ ಪೆನ್ಸಿಲ್ ಇಳಿಸಿದರು. ಮೊದಲ ಒಂದೂವರೆ ಪುಟ ಕಾರ್ಯದರ್ಶಿಗಳ ಮನದಾಳದ ಮಾತು. ಆಮೇಲೆ ಯುಗಾದಿ ಕಾರ್ಯಕ್ರಮದ ವರದಿ, ಛದ್ಮವೇಷದಲ್ಲಿ ಗೆದ್ದ ಮಕ್ಕಳ ಪಟ್ಟಿ, ನಾಯಿ ಸಾಕಿದವರಿಗೆ ಬುದ್ಧಿಮಾತು, ಬೇಸಿಗೆಯ ಮೇಲೊಂದು ಕವನ, ಹಸಿ ಕಸ ಒಣ ಕಸ, ತೆರಿಗೆ, ಲಿಫ್ಟು, ಶಿಬಿರ, ಸಭೆ, ಕೊನೆಗೆ ರವೆ ದೋಸೆ.

ರಾಯರು ಮೊದಲ ಸಲ ಓದುವಾಗ ಏನನ್ನೂ ಬರೆಯುವುದಿಲ್ಲ. ತಾರೀಕು ಕಂಡಲ್ಲಿ ಸೊನ್ನೆ ಸುತ್ತುತ್ತಾರೆ, ಯಾರಾದರೂ ಏನಾದರೂ ಮಾಡಬೇಕೆಂದು ಇರುವಲ್ಲಿ ಅಡಿಗೆರೆ ಎಳೆಯುತ್ತಾರೆ. ಸೊನ್ನೆಯೂ ಗೆರೆಯೂ ಒಟ್ಟಿಗೆ ಬಿದ್ದ ಸುದ್ದಿ ಚೀಟಿಯ ಮೇಲ್ಭಾಗಕ್ಕೆ. ಎರಡೂ ಇಲ್ಲದ್ದು ಕೊನೆಯ ಸಾಲಿಗೆ. ಕಾರ್ಯದರ್ಶಿಗಳ ಒಂದೂವರೆ ಪುಟದಲ್ಲಿ ಪೆನ್ಸಿಲ್ ಒಂದು ಕಡೆಯೂ ನಿಲ್ಲಲಿಲ್ಲ.

ನಿಂತದ್ದು ಐದನೇ ಪುಟದಲ್ಲಿ. “ಹೊಸ ಪ್ಲಂಬರ್‌ಗೆ ಸ್ವಾಗತ” ಎಂಬ ತಲೆಬರಹದ ಕೆಳಗೆ ಹೊಸಬನ ಅನುಭವ, ಹಳಬನಿಗೆ ಕೃತಜ್ಞತೆ. ಅದರ ನಡುವೆ ಒಂದು ವಾಕ್ಯ: ಬರುವ ಶನಿವಾರ ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್ ತೊಳೆಯುವುದರಿಂದ ಬಿ ಬ್ಲಾಕ್ ಹೊರತುಪಡಿಸಿ ಉಳಿದೆಡೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ನೀರು ಇರುವುದಿಲ್ಲ.

“ನೋಡಿ ಸ್ವಾಮಿ, ನಮ್ಮ ನೀರನ್ನ ಪ್ಲಂಬರ್ ಸನ್ಮಾನದ ಶಾಲಿನಲ್ಲಿ ಸುತ್ತಿಟ್ಟಿದ್ದಾರೆ” ಎಂದರು ರಾಯರು. “ಬರುವ ಶನಿವಾರ ಅಂದ್ರೆ ಯಾವುದು? ಬರೆದ ದಿನದಿಂದಲೋ, ಓದಿದ ದಿನದಿಂದಲೋ?” ತಕ್ಷಣ ಸಂಘದ ಆಫೀಸಿಗೆ ಫೋನ್ ಮಾಡಿ 12ನೇ ತಾರೀಕೇ ಎಂದು ಖಾತ್ರಿ ಮಾಡಿಕೊಂಡರು. ‘ನಾಳೆ’, ‘ಬರುವ ವಾರ’ ಎಂಬ ಮಾತುಗಳಿಗೆ ಅವರ ಚೀಟಿಯಲ್ಲಿ ಪ್ರವೇಶವಿಲ್ಲ. ವಾರ, ತಾರೀಕು ಎರಡೂ ಬೇಕು.

ಅಷ್ಟರಲ್ಲಿ ಬಂದ ಸಂಘದ ಖಜಾಂಚಿಗಳು ತಕರಾರು ತೆಗೆದರು. ನಿರ್ವಹಣಾ ಶುಲ್ಕಕ್ಕೆ 15 ಕೊನೆಯ ದಿನ, ಹಣದ ವಿಷಯ ಮೊದಲು ಬರಲಿ ಎಂದು ಅವರ ವಾದ. ರಾಯರು ಒಪ್ಪಲಿಲ್ಲ. “ತಡವಾದ್ರೆ ದಂಡ ಹಾಕಿ ಕಟ್ಟಿಸ್ಕೋತೀರಿ. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಸೋಪು ಹಚ್ಚಿಕೊಂಡು ನಿಂತವನ ಹತ್ರ ಯಾವ ದಂಡ ಕಟ್ಟಿಸ್ಕೋತೀರಿ?” ಖಜಾಂಚಿಗಳು ಕಾಫಿಗೆ ಶರಣಾದರು. ದೊಡ್ಡ ವಿಷಯವೆಲ್ಲ ತುರ್ತಲ್ಲ. ಯಾವುದರ ಗಡುವು ಮೊದಲು ಮುಗಿಯುತ್ತದೋ, ಮುಗಿದ ಮೇಲೆ ಯಾವುದನ್ನು ಸರಿಪಡಿಸಲಾಗದೋ ಅದು ತುರ್ತು. ರಾಯರ ಲೆಕ್ಕ ಇಷ್ಟೇ.

ಕೊನೆಗೆ ಬೋರ್ಡಿಗೆ ಹೋದ ಚೀಟಿ ಹೀಗಿತ್ತು:

ತುರ್ತು, ನೀರು: ಶನಿವಾರ, ಏ. 12, ಬೆ. 9ರಿಂದ ಸಂ. 5. ಎ, ಸಿ ಬ್ಲಾಕಿಗೆ ಇಲ್ಲ. ಬಿ ಬ್ಲಾಕಿಗೆ ಇದೆ. ಶುಕ್ರವಾರ ರಾತ್ರಿಯೇ ತುಂಬಿಸಿಡಿ.

ಹಣ: ನಿರ್ವಹಣಾ ಶುಲ್ಕ 15ರೊಳಗೆ. ಆಸ್ತಿ ತೆರಿಗೆ 30ರೊಳಗೆ ಕಟ್ಟಿದರೆ ಶೇ 5 ರಿಯಾಯಿತಿ.

ಲಿಫ್ಟ್: ಬಿ ಬ್ಲಾಕ್ ಮಾತ್ರ, 15ರಿಂದ 17ರವರೆಗೆ ರಿಪೇರಿ.

ಮಕ್ಕಳು: ಬೇಸಿಗೆ ಶಿಬಿರಕ್ಕೆ ಹೆಸರು 18ರೊಳಗೆ, ಆಫೀಸಿನಲ್ಲಿ.

ಸಭೆ: ವಾರ್ಷಿಕ ಸಭೆ, ಭಾನುವಾರ 27, ಬೆ. 10.30.

ನಾಯಿ, ಕಸ: ಹಳೆಯ ನಿಯಮವೇ.

ಬಿಡುವಿದ್ದರೆ: ಯುಗಾದಿ, ಬಹುಮಾನ, ಕವನ, ದೋಸೆ. ಪುಟ 2, 3, 6, 8.

ನೀರಿನ ಸಾಲಿನಲ್ಲಿ ‘ಇಲ್ಲ’, ‘ಇದೆ’ ಎರಡನ್ನೂ ಬಿಡಿಸಿ ಬರೆದದ್ದಕ್ಕೆ ಒಂದು ಚರಿತ್ರೆಯಿದೆ. ಎರಡು ವರ್ಷದ ಹಿಂದೆ ಇಂಥದೇ ಸುದ್ದಿಯನ್ನು ರಾಯರು “ಬಿ ಬ್ಲಾಕ್: ನೀರಿಲ್ಲ” ಎಂದು ಇಳಿಸಿದ್ದರು. ಸೋಸುವಾಗ ‘ಹೊರತುಪಡಿಸಿ’ ಜಾರಿಹೋಗಿತ್ತು. ಬಿ ಬ್ಲಾಕಿನವರು ಬಕೆಟ್ಟು, ಹಂಡೆ, ಕುಕ್ಕರುಗಳಿಗೆಲ್ಲ ತುಂಬಿಸಿಟ್ಟು, ನಲ್ಲಿಯಲ್ಲಿ ದಿನವಿಡೀ ಧಾರಾಕಾರ ನೀರು ಬರುವುದನ್ನು ನೋಡುತ್ತ ಕೂತರು. ಎ ಮತ್ತು ಸಿ ಬ್ಲಾಕಿನವರು ಟವೆಲ್ಲು ಸುತ್ತಿಕೊಂಡು ಬಿ ಬ್ಲಾಕಿನ ಬಾಗಿಲು ತಟ್ಟಿದರು. ಅಂದಿನಿಂದ ‘ಮಾತ್ರ’, ‘ಹೊರತು’, ‘ಇಲ್ಲ’ ಮೂರನ್ನೂ ರಾಯರು ಕೆಂಪು ಪೆನ್ಸಿಲಿನಲ್ಲಿ ಗುರುತಿಸುತ್ತಾರೆ. ಬರೆದಾದ ಮೇಲೆ ಮೂಲ ಪತ್ರಿಕೆಯನ್ನು ಪತ್ನಿಯ ಕೈಗೆ ಕೊಟ್ಟು ಚೀಟಿಯನ್ನು ತಾವೇ ಜೋರಾಗಿ ಓದುತ್ತಾರೆ. ಅಮ್ಮನವರು ತಾರೀಕು ತಾರೀಕಿಗೂ “ಹ್ಞೂಂ” ಅನ್ನಬೇಕು. ಒಂದು “ಹ್ಞೂಂ” ಕಡಿಮೆಯಾದರೂ ಚೀಟಿ ಬಾಗಿಲು ದಾಟುವುದಿಲ್ಲ.

ಆ ಸಂಜೆ ಲಿಫ್ಟಿನ ಸಾಲನ್ನು ಬರೆದ ಮೇಲೆ ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಿ ಬ್ಲಾಕಿನ ನಾಲ್ಕನೇ ಮಹಡಿಯಲ್ಲಿ ಗಾಲಿಕುರ್ಚಿಯಲ್ಲಿ ಓಡಾಡುವ ಅಜ್ಜಿಯೊಬ್ಬರಿದ್ದಾರೆ. ಇನ್ನೂರು ಜನಕ್ಕೆ ಮೂರನೇ ಸಾಲಾದದ್ದು ಅವರಿಗೆ ಮೊದಲನೇ ಸಾಲು. ಹಾಗಂತ ಚೀಟಿಯಲ್ಲಿ ಅದರ ಜಾಗ ಬದಲಿಸಲಿಲ್ಲ. ತಾವೇ ಮೇಲೆ ಹೋಗಿ ಅಜ್ಜಿಯ ಮಗನಿಗೆ ಹೇಳಿ, ಆಸ್ಪತ್ರೆಯ ತಪಾಸಣೆ 16ಕ್ಕೆ ಇದ್ದದ್ದನ್ನು 14ಕ್ಕೆ ಹಾಕಿಸಿ ಬಂದರು.

ಈಗ ರಾಯರ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು. ಅವರ ಚೀಟಿ ಓದಲು ಅರ್ಧ ನಿಮಿಷ ಸಾಕು. ಆದರೆ ಬೋರ್ಡಿನ ಮುಂದೆ ರಾಯರೇ ನಿಂತಿದ್ದರೆ, ಮತ್ತು ನೀವು ಅಪ್ಪಿತಪ್ಪಿ “ಏನ್ ರಾಯರೇ, ಈ ಸಲ ಏನು ವಿಶೇಷ?” ಅಂದರೆ ಕತೆ ಮುಗಿಯಿತು. ಯಾವ ಸುದ್ದಿ ಯಾಕೆ ಮೇಲೆ, ಯಾವುದು ಯಾಕೆ ಕೆಳಗೆ, ತಂತಿ ಕಚೇರಿಯಲ್ಲಿ ಸಾವಿನ ಸುದ್ದಿಗೆ ಹೇಗೆ ಮೊದಲ ಮಣೆ, ಹಬ್ಬದ ಶುಭಾಶಯಗಳಿಗೆ ಹೇಗೆ ಬರೀ ನಂಬರು ಹಾಕಿ ಕಳಿಸುತ್ತಿದ್ದರು, ಎಲ್ಲವೂ ಬರುತ್ತದೆ. ಮುಕ್ಕಾಲು ಗಂಟೆಯಲ್ಲಿ ಲಿಫ್ಟು ಇಪ್ಪತ್ತು ಸಲ ಬಂದುಹೋಗುತ್ತದೆ, ನೀವು ಹತ್ತುವುದಿಲ್ಲ. “ಬರೆಯೋದ್ರಲ್ಲಿ ಉಳಿಸಿದ ಪದನೆಲ್ಲ ಎಲ್ಲಾದ್ರೂ ಖರ್ಚು ಮಾಡ್ಬೇಕಲ್ಲಪ್ಪ” ಎನ್ನುತ್ತಾರೆ ಅಮ್ಮನವರು.

ಕಾರ್ಯದರ್ಶಿಗಳಿಗೆ ಮಾತ್ರ ಇನ್ನೂ ಸಿಟ್ಟಿದೆ. ತಮ್ಮ ಒಂದೂವರೆ ಪುಟಕ್ಕೆ ಚೀಟಿಯಲ್ಲಿ ಒಂದು ಸಾಲಾದರೂ ಬೇಡವೇ ಎಂದು ಕೇಳಿದರು. ರಾಯರು ಯೋಚಿಸಿ ಮೇ ತಿಂಗಳಿಂದ ಎಂಟನೇ ಸಾಲು ಸೇರಿಸಿದ್ದಾರೆ: “ಕಾರ್ಯದರ್ಶಿಗಳು ಕ್ಷೇಮ.”

ನಿಮ್ಮ ಕಟ್ಟಡದಲ್ಲಿ ಇಂಥ ರಾಯರು ಇಲ್ಲದಿದ್ದರೆ, ಡಬ್ಬಿಗಳ ಕೆಳಗೆ ಹಾಸುವ ಮುನ್ನ ಐದನೇ ಪುಟವನ್ನು ಒಮ್ಮೆ ನೋಡಿಬಿಡಿ. ನೀರಿನ ಸುದ್ದಿ ಅಲ್ಲಿರುತ್ತದೆ.