ಅರ್ಧ ಮೈನಸ್ಸಿನ ಜಗಳ

ಕೋಟೆಯಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬರುವವರೆಲ್ಲ ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುವ ಹುಡುಗರೇ. ನಾನು ಫಿಸಿಕ್ಸ್ ಪಾಠ ಹೇಳಿ ನಿವೃತ್ತನಾದವನೆಂಬ ಸುದ್ದಿ ಹೇಗೋ ಹರಡಿಬಿಟ್ಟಿದೆ. ಬಾಡಿಗೆ ಕೊಟ್ಟರೆ ಟ್ಯೂಷನ್ ಬಿಟ್ಟಿ ಎಂದು ಅವರ ಲೆಕ್ಕ.

ಈ ಸಲ ಇರುವವನು ಸಾಗರದವನು. ಪರೀಕ್ಷೆ ಹತ್ತಿರ ಬಂದಾಗ ಭದ್ರಾವತಿಯ ಗೆಳೆಯನೊಬ್ಬ ಸೀನಿಯರ್‌ಗಳ ನೋಟ್ಸಿನ ಜೆರಾಕ್ಸ್ ಹೊರೆ ಹೊತ್ತು ಬಂದು ಸೇರಿಕೊಂಡ. ಅವನ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದವರಂತೆ. ಮಗನ ಗಂಟಲೂ ಫರ್ನೇಸಿನ ಪಕ್ಕದಲ್ಲಿ ನಿಂತು ಮಾತಾಡುವವರದ್ದೇ.

ರಾತ್ರಿ ಒಂದು ಗಂಟೆಗೆ ಮಹಡಿಯಿಂದ ಗಲಾಟೆ. “ಮೈನಸ್ ಅರ್ಧ ಅಂತ ಬರ್ದಿದೆಯಲ್ಲೋ!” “ಬರ್ದಿದ್ರೆ? ಸೊನ್ನೆಗಿಂತ ಕೆಳಗೆ ಹೆಂಗ್ ಹೋಗುತ್ತೆ ಮಾರಾಯ?”

ನಮ್ಮವಳು ಎದ್ದು ಕೂತಳು. “ದುಡ್ಡಿನ ವಿಷಯಕ್ಕೆ ಕಿತ್ತಾಡ್ತಿದಾರೆ, ಹೋಗಿ ಬಿಡಿಸಿ.”

ಹೋದೆ. ದುಡ್ಡಿನದಲ್ಲ, ಸ್ಪ್ರಿಂಗಿನ ಜಗಳ. ಕ್ವಾಂಟಮ್ ಸ್ಪ್ರಿಂಗಿಗೆ ಇರಬಹುದಾದ ಕನಿಷ್ಠ ಶಕ್ತಿ −½ħω ಎಂದು ಜೆರಾಕ್ಸ್ ಹೇಳುತ್ತಿತ್ತು. ಸಾಗರದವನ ತಕರಾರು ನ್ಯಾಯವಾದದ್ದು. ಶಕ್ತಿ ಎಂದರೆ ಸ್ಥಾನ x ಮತ್ತು ಸಂವೇಗ p ಇವುಗಳ ವರ್ಗಗಳನ್ನು ಕೂಡಿಸಿದ್ದು. ಎರಡು ವರ್ಗ ಕೂಡಿಸಿ ಸೊನ್ನೆಗಿಂತ ಕೆಳಗಿಳಿಯುವುದು ಹೇಗೆ? “ಸಾಲ ಮಾಡಿ ಕುಣಿಯೋ ಸ್ಪ್ರಿಂಗ್ ಎಲ್ಲಾದ್ರೂ ಉಂಟಾ ಸರ್?” ಎಂದ.

ಕ್ವಾಂಟಮ್ ಲೋಕದಲ್ಲಿ xp ಬೇರೆ, px ಬೇರೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಅಲ್ಲಿ ಮದುವೆಮನೆಯ ಶಾಸ್ತ್ರದಷ್ಟೇ ಗಂಭೀರ. ಎರಡರ ವ್ಯತ್ಯಾಸವೇ ಕಮ್ಯುಟೇಟರ್. ಲೆಕ್ಕ ಸರಳವಾಗಲೆಂದು ದ್ರವ್ಯರಾಶಿಯನ್ನೂ ω ಅನ್ನೂ 1 ಎಂದಿಟ್ಟುಕೊಂಡು, (x − ip) ಅನ್ನು (x + ip) ಯಿಂದ ಗುಣಿಸಿ ಅರ್ಧ ಮಾಡಿದರೆ, ಶಕ್ತಿಯ ಜೊತೆಗೆ (i/2)(xp − px) ಎಂಬ ಬಾಲವೊಂದು ಉಳಿಯುತ್ತದೆ. xp − px = iħ ಆದ್ದರಿಂದ ಬಾಲದ ಬೆಲೆ −ħ/2. ಗುಣಲಬ್ಧದಲ್ಲಿ ಅಷ್ಟು ಕಮ್ಮಿಯಾದದ್ದನ್ನು ಶಕ್ತಿಯ ಲೆಕ್ಕಕ್ಕೆ ಸೇರಿಸಬೇಕು. ಕನಿಷ್ಠ ಶಕ್ತಿ +½ ಬರುವುದು ಹಾಗೆ. ಜೆರಾಕ್ಸಿನಲ್ಲಿ ಬಾಲ ತಿರುಗಿ ನಿಂತಿತ್ತು.

ತಿರುಗಿಸಿದ್ದು ಯಾರು? ಹಾಳೆ ಹಿಂದೆ ಹಿಂದೆ ಮಗುಚುತ್ತ ಹೋದರು. ಒಂದು ಪುಟದಲ್ಲಿ ಮ್ಯಾಕ್ಸ್ ಬಾರ್ನ್ 1925ರಲ್ಲಿ ಕಂಡುಕೊಂಡ ರೂಪದಲ್ಲೇ, x ಜಾಗದಲ್ಲಿ q ಇಟ್ಟು, ಸೂತ್ರವಿತ್ತು: pq − qp = h/2πi. (ಇದೇ ಬಾರ್ನ್, ಸಿ.ವಿ. ರಾಮನ್ ಕರೆದರೆಂದು 1935–36ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲವು ತಿಂಗಳು ಇದ್ದರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಅವರ ಸಮಾಧಿಗಲ್ಲಿನ ಮೇಲೂ ಕೆತ್ತಿರುವುದು ಈ ಸೂತ್ರವನ್ನೇ.) ಕಲ್ಲಿನ ಮೇಲಿರುವುದು ಸರಿಯಾಗಿದೆ. ಎಡವಟ್ಟಾದದ್ದು ಮುಂದಿನ ಸಾಲಿನಲ್ಲಿ. ಯಾರೋ ಸೀನಿಯರ್ ಮಹಾಶಯ ಕೆಳಗಿದ್ದ i ಯನ್ನು ಮೇಲಕ್ಕೆತ್ತಿ iħ ಎಂದು ಬರೆದಿದ್ದ. 1/i ಎಂದರೆ −i. ಎತ್ತುವಾಗ ಮೈನಸ್ಸು ಕೆಳಗೆ ಬಿದ್ದುಹೋಗಿತ್ತು.

ಭದ್ರಾವತಿಯವನು ಅಷ್ಟಕ್ಕೆ ಸೋಲುವವನಲ್ಲ. “ಇದನ್ನೇ ಬರ್ದು ಎಷ್ಟು ಬ್ಯಾಚ್ ಪಾಸಾಗಿದೆ ಗೊತ್ತೇನೋ?”

ಆಗಿರಲೂಬಹುದು. ತಪ್ಪು ಬಚ್ಚಿಟ್ಟುಕೊಂಡಿದ್ದ ಜಾಗವೇ ಅಂಥದ್ದು. ಒಂದು ಮಟ್ಟದಿಂದ ಇನ್ನೊಂದನ್ನು ಕಳೆಯುವಾಗ ಆ ಅರ್ಧ, ಪ್ಲಸ್ಸಾಗಿರಲಿ ಮೈನಸ್ಸಾಗಿರಲಿ, ಹೊಡೆದುಹೋಗುತ್ತದೆ. ಅಂತರ ಎರಡರಲ್ಲೂ ħω. ಅಂತರವನ್ನಷ್ಟೇ ಕೇಳುವ ಪ್ರಶ್ನೆಗೆ ತಪ್ಪು ನೋಟ್ಸೂ ಸರಿ ಉತ್ತರವನ್ನೇ ಕೊಡುತ್ತದೆ.

ಸಾಗರದವನು ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ ಲೆಕ್ಕ ಶುರುಮಾಡಿದ. (ನಮ್ಮ ಕ್ಯಾಲೆಂಡರು, ಆ ತಿಂಗಳು ಇನ್ನೂ ಮುಗಿದಿರಲಿಲ್ಲ.) ಬರಿಗೈಲಿ ಆಪರೇಟರ್‌ಗಳನ್ನು ಗುದ್ದಾಡಿಸಬಾರದು, ಎದುರಿಗೆ ಒಂದು f ಕೂರಿಸಬೇಕು. p ಎಂದರೆ −iħ d/dx. ಮೊದಲು p ಹಾಕಿ ಆಮೇಲೆ x ಹಾಕಿದರೆ −iħxf′. ಮೊದಲು x ಹಾಕಿದರೆ p ಕೆಲಸ ಮಾಡಬೇಕಾದದ್ದು xf ಮೇಲೆ. ಗುಣಲಬ್ಧದ ನಿಯಮದಿಂದ −iħf − iħxf′. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ xf′ ಇರುವವೆರಡೂ ಹೊಡೆದುಹೋಗಿ iħf ಉಳಿಯಿತು, ಪ್ಲಸ್ ಚಿಹ್ನೆಯ ಸಮೇತ. ಭದ್ರಾವತಿಯವನು ಹಾಳೆ ಕಸಿದುಕೊಂಡು ತಾನೇ ಮಾಡಿದ. ಅದೇ ಬಂತು. ಮತ್ತೊಮ್ಮೆ ಮಾಡಿದ. ಆಮೇಲೆ ಕೆಂಪು ಪೆನ್ನು ಕೇಳಿದ.

ಕೆಂಪು ಬಳಿಯುವ ಹೊತ್ತಿಗೆ ಅವನಿಗೆ ನೆನಪಾಯಿತು, ಇದೇ ಜೆರಾಕ್ಸನ್ನು ತಾನು ಜೂನಿಯರ್‌ಗಳಿಗೂ ಹಂಚಿದ್ದೇನೆಂದು. ತಕ್ಷಣ ಗ್ರೂಪಿಗೆ ಮೆಸೇಜ್ ಹಾಕಿದ: ಇಂಥ ಪುಟ, ಇಂಥ ಸಾಲು, ಮೈನಸ್ ಸೇರಿಸಿಕೊಳ್ಳಿ, ಮುಂದಿನ ಪುಟದ ಉತ್ತರ ಪ್ಲಸ್ ಮಾಡಿಕೊಳ್ಳಿ.

ಅವರೂ ಎದ್ದೇ ಇದ್ದರೆಂದು ಕಾಣುತ್ತದೆ, ನಿಮಿಷದೊಳಗೆ ಉತ್ತರ ಬಂತು: “ಅಣ್ಣಾ, ಬಾಯಿಪಾಠ ಮಾಡಿ ಆಗಿದೆ. ಪರೀಕ್ಷೆ ಮುಗಿಯೋವರೆಗೆ ಮೈನಸ್ಸೇ ಇರ್ಲಿ ಬಿಡಿ.”