ಬಳೆ ತೊಟ್ಟ ಮೇಲೆ ಉಳಿಯೋದೆಷ್ಟು?

ನಮ್ಮ ಮಂಡ್ಯ ಕಡೆ ಮದುವೆಗೆ ಛತ್ರ ಹಿಡಿಯೋದು, ಅಡುಗೆಯವರಿಗೆ ಅಡ್ವಾನ್ಸ್ ಕೊಡೋದು ಒಂದೇ ಸಂಜೆಯಲ್ಲಿ ಮುಗಿದುಹೋಗುತ್ತೆ. ಮುಗಿಯದೇ ಇರೋದು ಮೆಹಂದಿ ಡಿಸೈನಿನ ಚರ್ಚೆ. ಮಳವಳ್ಳಿಯ ಮದುವಣಗಿತ್ತಿ ವಾಟ್ಸಾಪಿನಲ್ಲಿ ಒಂದು ಫೋಟೊ ಹಾಕುತ್ತಾಳೆ, ‘ಹೆಂಗದೆ?’ ಅಂತ. ಮದ್ದೂರಿನ ಚಿಕ್ಕಮ್ಮ ಅದಕ್ಕೆ ಉತ್ತರ ಹೇಳೋದು ಬಿಟ್ಟು, ‘ನನಗೂ ಇದೇ ಇರ್ಲಿ ಕಣವ್ವ’ ಅಂತಾರೆ. ಅಲ್ಲ ಚಿಕ್ಕಮ್ಮ, ಮದುವೆ ಯಾರದ್ದು?

ಈಗ ಆ ಫೋಟೊ ನೋಡೋಣ. ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನವಿಲಿನ ಗರಿ ಎಣಿಸೋಕೆ ಹೋಗಬೇಡಿ. ಫೋನನ್ನು ಕೈಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ. ಸಣ್ಣ ಗೆರೆಗಳೆಲ್ಲ ಕರಗಿ, ಕಪ್ಪಾಗಿ ತುಂಬಿದ ಜಾಗಗಳಷ್ಟೇ ಕಾಣುತ್ತವೆ. ನಮ್ಮ ಹುಡುಗಿಯ ಫೋಟೊದಲ್ಲಿ ಆ ಕಪ್ಪೆಲ್ಲ ಹೆಬ್ಬೆರಳ ಬುಡದಲ್ಲೇ ಕೂತಿದೆ. ಅಲ್ಲಿ ನವಿಲು ದಪ್ಪಗೆ ಮೈ ತುಂಬಿಕೊಂಡಿದೆ, ಕಿರುಬೆರಳ ಕಡೆ ಎರಡು ಬಡಕಲು ಬಳ್ಳಿ. ಡಿಸೈನು ಓರೆಯಾಗಿರೋದು ತಪ್ಪಲ್ಲ. ಆದರೆ ಒಂದು ಕಡೆಯ ಭಾರಕ್ಕೆ ಇನ್ನೊಂದು ಕಡೆ ಉತ್ತರ ಇರಬೇಕು: ಬೆರಳ ತುದಿಗೆ ಗಟ್ಟಿ ಟೋಪಿ, ಇಲ್ಲವೇ ಕೆಳಗೆ ಒಂದು ಅಗಲವಾದ ಪಟ್ಟಿ. ಇನ್ನೊಂದು ಮಾತು, ಒಂದೇ ಕೈಯ ಫೋಟೊ ನೋಡಿ ಮದುವಣಗಿತ್ತಿಯ ಡಿಸೈನು ಒಪ್ಪಬೇಡಿ. ಅವಳು ಎರಡೂ ಅಂಗೈ ಜೋಡಿಸಿ ಕ್ಯಾಮೆರಾಕ್ಕೆ ತೋರಿಸುವವಳು. ಎಡಗೈ ಬಲಗೈಯ ಕನ್ನಡಿಯಂತಿದೆಯೋ ಇಲ್ಲವೋ ಎಂಬುದು ಆಗಲೇ ಗೊತ್ತಾಗೋದು.

ಆಮೇಲೆ ಅಂತರ. ‘ಖಾಲಿ ಬಿಟ್ರೆ ಕಾಸು ದಂಡ’ ಅನ್ನೋದು ಚಿಕ್ಕಮ್ಮನ ಸಿದ್ಧಾಂತ. ಸಾಲಿಗೆ ಸಾಲು ಒತ್ತಿ ಕಬ್ಬು ನೆಟ್ಟರೆ ಏನಾಗುತ್ತೆ ಅಂತ ಚಿಕ್ಕಪ್ಪನನ್ನು ಕೇಳಲಿ. ಇಂಟರ್ನೆಟ್ಟಿನ ಫೋಟೊಗಳಲ್ಲಿ ಬಹುಪಾಲು ಹಸಿ ಮೆಹಂದಿಯವು. ಪೇಸ್ಟು ಉಬ್ಬಿ ನಿಂತಿರುವಾಗ ಪ್ರತಿ ಗೆರೆಯೂ ಕೆತ್ತಿಟ್ಟಂತೆ ಕಾಣುತ್ತೆ. ಒಣಗಿದ್ದನ್ನು ಕೆರೆದ ಮೇಲೆ ಉಳಿಯೋದು ಚಪ್ಪಟೆ ಬಣ್ಣ, ಅದರ ಅಂಚೂ ಅಷ್ಟು ಚೂಪಾಗಿರೋದಿಲ್ಲ. ಹಾಗಾಗಿ ಎರಡು ಗೆರೆಗಳ ನಡುವೆ ಇನ್ನೊಂದು ಗೆರೆ ಎಳೆಯುವಷ್ಟಾದರೂ ಚರ್ಮ ಕಾಣದಿದ್ದರೆ, ಆ ಚೆಂದದ ಜಾಲಿ ಎರಡೇ ದಿನದಲ್ಲಿ ಕೆಂಪು ತೇಪೆ. ಅಂಗೈಯ ಚರ್ಮ ದಪ್ಪ, ಬಣ್ಣ ಚೆನ್ನಾಗಿ ಹಿಡಿಯುತ್ತೆ. ಮೊಣಕೈ ಕಡೆ ಹೋದಷ್ಟೂ ತಿಳಿಯಾಗುತ್ತೆ. ನವಿರಾದ ಕೆಲಸವನ್ನು ಅಲ್ಲಿ ಮಾಡಿಸಿದರೆ ಕಾಣೋದು ಹಾಕಿದವಳಿಗೆ ಮಾತ್ರ.

ಫೋಟೊದಲ್ಲಿ ಇಲ್ಲದೇ ಇರುವ ವಸ್ತುವೇ ಇಲ್ಲಿ ಮುಖ್ಯ: ಬಳೆ. ಮಾಡೆಲ್ ಹುಡುಗಿಯ ಮಣಿಕಟ್ಟು ಬರಿದು. ನಮ್ಮ ಹುಡುಗಿಗೆ ಬಳೆಶಾಸ್ತ್ರದಲ್ಲಿ ಕೈತುಂಬ ಹಸಿರು ಗಾಜಿನ ಬಳೆ ತೊಡಿಸುತ್ತಾರೆ, ಮೇಲೆ ಚಿನ್ನದ್ದು ಬೇರೆ. ಅವಳು ಮೆಚ್ಚಿದ ಫೋಟೊದಲ್ಲಿ ಪಲ್ಲಕ್ಕಿ, ಗಂಡು ಹೆಣ್ಣು, ಆನೆ ಎಲ್ಲ ಮಣಿಕಟ್ಟಿನ ಮೇಲೇ ಮೆರವಣಿಗೆ ಹೊರಟಿವೆ. ಬಳೆ ಏರಿದ ಮೇಲೆ ಆನೆಯ ಬಾಲ ಕಂಡರೆ ಪುಣ್ಯ. ಬಳೆಯ ಸಾಲನ್ನು ಮಣಿಕಟ್ಟಿನಿಂದ ಅಳೆದು, ಅಷ್ಟು ಜಾಗಕ್ಕೆ ಸುಮ್ಮನೆ ಪಟ್ಟಿ ಹಾಕಿಸಿ, ಚಿತ್ರವನ್ನು ಅದರ ಮೇಲೆ ಮೊಣಕೈ ಕಡೆಗೆ ಏರಿಸೋದು ಜಾಣತನ. ಇನ್ನು ಧಾರೆಯ ಹೊತ್ತಿಗೆ ಅಂಗೈಯ ನವಿಲು ತೆಂಗಿನಕಾಯಿಯ ಅಡಿಗೆ ಸೇರುತ್ತೆ. ಆಗ ಹಾಲಿನ ಜೊತೆ ಕಾಣೋದು ಬೆರಳುಗಳು. ಅಂಗೈ ಮೆರೆಯೋದು ಹಿಂದಿನ ಸಂಜೆಯ ಆರತಕ್ಷತೆಯಲ್ಲಿ. ಬಣ್ಣ ಕಪ್ಪೇರೋಕೆ ಒಂದೆರಡು ದಿನ ಬೇಕಾದ್ದರಿಂದ ಲೆಕ್ಕವನ್ನು ಮುಹೂರ್ತದಿಂದ ಹಿಡಿಯದೆ ಆ ಸಂಜೆಯಿಂದ ಹಿಂದಕ್ಕೆ ಹಿಡಿಯಬೇಕು.

ಇನ್ನು ಚಿಕ್ಕಮ್ಮ. ಎರಡೂ ಕೈಗೆ ಮೊಣಕೈವರೆಗೆ ಹಾಕಿಸಿಕೊಳ್ಳೋಕೆ ಗಂಟೆಗಟ್ಟಲೆ ಅಲ್ಲಾಡದೆ ಕೂರಬೇಕು. ಮದುವಣಗಿತ್ತಿಗೆ ಬಾಯಿಗೆ ತುತ್ತು ಇಡೋರಿರುತ್ತಾರೆ. ಚಿಕ್ಕಮ್ಮನನ್ನು ಹತ್ತು ಕಡೆಯಿಂದ ಕೂಗುತ್ತಾರೆ: ‘ಉಗ್ರಾಣದ ಬೀಗ ಎಲ್ಲವ್ವ?’ ಹಸಿ ಮೆಹಂದಿಯಲ್ಲಿ ಬೀಗ ತೆಗೆದರೆ ನವಿಲು ಬೀಗದ ಮೇಲೆ ಇಳಿಯುತ್ತೆ. ಅವರಿಗೆ ತೋರುಬೆರಳ ತುದಿಯಿಂದ ಹಿಂಗೈ ಮೇಲೆ ಓರೆಯಾಗಿ ಇಳಿಯುವ ಒಂದೇ ಬಳ್ಳಿ ಸಾಕು. ದಪ್ಪ ಹೂವು, ಸುತ್ತ ಧಾರಾಳ ಖಾಲಿ ಜಾಗ. ತಾಂಬೂಲ ಕೊಡುವಾಗ ಜನಕ್ಕೆ ಕಾಣೋದೂ ಹಿಂಗೈಯೇ.

ಇಷ್ಟೆಲ್ಲ ಬಿಡಿಸಿ ಹೇಳಿದೆ. ಹುಡುಗಿ ಆನೆಯನ್ನು ಮೇಲಕ್ಕೆ ಏರಿಸಿ, ಕಿರುಬೆರಳ ಕಡೆಗೊಂದು ಕಳಶ ಸೇರಿಸಿ ಒಪ್ಪಿಕೊಂಡಳು. ಚಿಕ್ಕಮ್ಮನೂ ಬಳ್ಳಿಗೆ ಒಪ್ಪಿದ್ದಾರೆ, ‘ಆದ್ರೆ ಮೊಣಕೈವರ್ಗೂ ಬರ್ಲಿ’ ಅಂತ.