ಸಾಲಕ್ಕೆ ದಾನದ ಹೆಸರು

ಯಾವುದಾದರೂ ದೊಡ್ಡ ಕಂಪನಿಯ ವಾರ್ಷಿಕ ವರದಿ ತೆರೆದು ನೋಡಿ. ಲೆಕ್ಕಪತ್ರ ಬರುವುದು ಆಮೇಲೆ. ಮೊದಲು ಬರುವುದು ಮಕ್ಕಳು. ಹೊಸ ಬೆಂಚಿನ ಮೇಲೆ ಕೂತ ಸರ್ಕಾರಿ ಶಾಲೆಯ ಮಕ್ಕಳು ನಗುತ್ತಿರುತ್ತಾರೆ. ಬೆಂಚಿನ ಬೆನ್ನಿಗೆ ಕಂಪನಿಯ ಲೋಗೋ. ಪಕ್ಕದ ಪುಟದಲ್ಲಿ ಶುದ್ಧ ಕುಡಿಯುವ ನೀರಿನ ಘಟಕ. ನಲ್ಲಿ ಚಿಕ್ಕದು, ಬೋರ್ಡು ದೊಡ್ಡದು.

ಅಧ್ಯಕ್ಷರ ಸಂದೇಶ ಓದಿ. ಷೇರುದಾರರ ಹೆಸರೆತ್ತಲು ಅವರಿಗೆ ಈಗ ಸಂಕೋಚ. ಎಲ್ಲೆಲ್ಲೂ ಸ್ಟೇಕ್‌ಹೋಲ್ಡರುಗಳೇ. ಕೆಲಸಗಾರ, ಗ್ರಾಹಕ, ಮಾಲು ಪೂರೈಸುವವನು, ಕಾರ್ಖಾನೆಯ ಪಕ್ಕದ ಊರು, ಆ ಊರಿನ ಕೆರೆ, ಎಲ್ಲರೂ ಕಂಪನಿಯ ಬಂಧುಬಳಗ. ಷೇರುದಾರ ಆ ಬಳಗದಲ್ಲಿ ಒಬ್ಬ ಅಷ್ಟೆ. ಡಿವಿಡೆಂಡು ಮಾತ್ರ ಅವನೊಬ್ಬನ ಖಾತೆಗೇ ಹೋಗುತ್ತದೆ.

ಇದು ಬರೀ ಭಾಷಣವಲ್ಲ, ಕಾನೂನೂ ಹೌದು. ನಮ್ಮ 2013ರ ಕಂಪನಿ ಕಾಯ್ದೆಯ 166(2)ನೇ ಕಲಮು ನಿರ್ದೇಶಕನ ಕರ್ತವ್ಯವನ್ನು ಹೇಳುತ್ತದೆ. ಆತ ಸದಸ್ಯರ ಲಾಭಕ್ಕಾಗಿ ದುಡಿಯಬೇಕು. ಜೊತೆಗೆ ಕಂಪನಿ, ಅದರ ನೌಕರರು, ಷೇರುದಾರರು, ಸಮುದಾಯ, ಇವರೆಲ್ಲರ ಹಿತ ನೋಡಬೇಕು. ಪರಿಸರವನ್ನೂ ಕಾಪಾಡಬೇಕು. ಅಮೆರಿಕದ 181 ಸಿಇಒಗಳು 2019ರ ಆಗಸ್ಟಿನಲ್ಲಿ ಒಂದು ಹೇಳಿಕೆಗೆ ಸಹಿ ಹಾಕಿ, ನಾವಿನ್ನು ಎಲ್ಲ ಸ್ಟೇಕ್‌ಹೋಲ್ಡರುಗಳಿಗೂ ಬದ್ಧರು ಎಂದಾಗ ಜಗತ್ತೇ ಚಪ್ಪಾಳೆ ತಟ್ಟಿತು. ನಮ್ಮ ಸಂಸತ್ತು ಅದಕ್ಕೂ ಆರು ವರ್ಷ ಮೊದಲೇ ಅದನ್ನು ಕಾಯ್ದೆ ಮಾಡಿತ್ತು. ಎದೆ ಉಬ್ಬಿಸಿಕೊಳ್ಳೋಣ.

ಉಬ್ಬಿಸಿದ್ದು ಸಾಕು. ಅದೇ ಕಾಯ್ದೆಯಲ್ಲಿ ಮುಂದೆ 439ನೇ ಕಲಮು ಇದೆ. ನಿರ್ದೇಶಕ ಕರ್ತವ್ಯ ತಪ್ಪಿದರೆ ನ್ಯಾಯಾಲಯಕ್ಕೆ ಯಾರು ದೂರು ಕೊಡಬಹುದು? ಕಂಪನಿ ರಿಜಿಸ್ಟ್ರಾರು ಕೊಡಬಹುದು. ಕೇಂದ್ರ ಸರ್ಕಾರ ಅಧಿಕಾರ ಕೊಟ್ಟ ವ್ಯಕ್ತಿ ಕೊಡಬಹುದು. ಮೂರನೆಯವನು ಷೇರುದಾರ. ಪಟ್ಟಿ ಮುಗಿಯಿತು.

ನೌಕರ? ಇಲ್ಲ. ಊರಿನವರು? ಇಲ್ಲ. ಕೆರೆಗೆ ಅರ್ಜಿ ಬರೆಯಲು ಬರುವುದಿಲ್ಲ, ಬರೆಯಬಲ್ಲವರಿಗೆ ಹಕ್ಕಿಲ್ಲ. ಕಂಪನಿಯ ವಿರುದ್ಧ ಗುಂಪಾಗಿ ದಾವೆ ಹೂಡುವ 245ನೇ ಕಲಮು ಇದೆಯಲ್ಲ ಎಂದೀರಿ. ಅದು ಸದಸ್ಯರಿಗೆ ಮತ್ತು ಠೇವಣಿ ಇಟ್ಟವರಿಗೆ ಮಾತ್ರ. ನಿನ್ನ ಹಿತ ಕಾಯುವುದು ನಿರ್ದೇಶಕನ ಧರ್ಮ ಎಂದು ಕೆಲಸಗಾರನಿಗೆ ಹೇಳಿದ ಕಾಯ್ದೆಯೇ, ಆತ ಧರ್ಮ ತಪ್ಪಿದರೆ ನೀನು ಸುಮ್ಮನಿರು ಎಂದೂ ಹೇಳಿದೆ.

ಷೇರುದಾರನೇ ಧಣಿ ಎನ್ನುವವರ ಹತ್ತಿರ ಒಂದು ಗಟ್ಟಿ ವಾದವಿದೆ. ಐದಾರು ಧಣಿಗಳಿರುವ ಆಳಿಗೆ ಧಣಿಯೇ ಇಲ್ಲ ಎನ್ನುತ್ತಾರೆ ಅವರು. 2019ರ ಆ ಹೇಳಿಕೆ ಬಂದ ಕೂಡಲೇ ಅಮೆರಿಕದ ದೊಡ್ಡ ಹೂಡಿಕೆ ಸಂಸ್ಥೆಗಳ ಒಕ್ಕೂಟ ಕೊಟ್ಟ ಉತ್ತರವೂ ಇದೇ: ಎಲ್ಲರಿಗೂ ಉತ್ತರ ಕೊಡಬೇಕಾದವನು ಯಾರಿಗೂ ಉತ್ತರ ಕೊಡುವುದಿಲ್ಲ. ಲಾಭ ಏಕೆ ಬಿತ್ತು ಎಂದು ಕೇಳಿದರೆ ನೌಕರರ ಹಿತ ಕಾದೆವು ಎನ್ನಬಹುದು. ನೌಕರರನ್ನು ಏಕೆ ಕಿತ್ತಿರಿ ಎಂದರೆ ಲಾಭ ಬೀಳುತ್ತಿತ್ತು ಎನ್ನಬಹುದು. ಇದು ಸುಳ್ಳಲ್ಲ. ಆದರೆ ಈ ಆಟ ನಡೆಯುವುದು ಧಣಿಗಳು ಹೆಚ್ಚಾದದ್ದರಿಂದಲ್ಲ. ಒಬ್ಬ ಧಣಿಯ ಕೈಯಲ್ಲಿ ದೂರಿನ ಹಕ್ಕಿದೆ, ಉಳಿದವರ ಕೈಗೆ ಅಧ್ಯಕ್ಷರ ಸಂದೇಶ ಕೊಟ್ಟಿದ್ದಾರೆ. ಆಟ ಇರುವುದು ಅಲ್ಲಿ.

ಉಳಿದವರ ಬಾಯಿ ಮುಚ್ಚಿಸಲು ಇನ್ನೊಂದು ಏರ್ಪಾಡೂ ಇದೆ. ಅದರ ಹೆಸರು ಸಿಎಸ್‌ಆರ್, ಸಾಮಾಜಿಕ ಹೊಣೆಗಾರಿಕೆ. 135ನೇ ಕಲಮಿನ ಪ್ರಕಾರ 500 ಕೋಟಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಪ್ರತಿ ಕಂಪನಿಯೂ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸರಾಸರಿ ಲಾಭ 100 ಕೋಟಿ ಇದ್ದರೆ 2 ಕೋಟಿ. ಆ 2 ಕೋಟಿ ಎಲ್ಲಿ ಹೋಯಿತು ಎಂದು ವರದಿಯಲ್ಲಿ ಬರೆಯಬೇಕು. ಅದಕ್ಕೊಂದು ಸಮಿತಿ, ಅದಕ್ಕೊಂದು ಫೋಟೊ. 100 ಕೋಟಿ ಎಲ್ಲಿಂದ ಬಂತು, ಯಾರ ಬೆವರಿನಿಂದ, ಯಾರ ಬೋರ್‌ವೆಲ್‌ನಿಂದ ಎಂದು ಆ ಸಮಿತಿ ಕೇಳುವುದಿಲ್ಲ. ಅದು ಅದರ ಕೆಲಸವಲ್ಲ.

ನಿಯಮ ಇನ್ನೂ ಸ್ಪಷ್ಟವಾಗಿದೆ. ಕಂಪನಿ ತನ್ನ ನೌಕರರಿಗೆ ಮಾಡಿದ ಅನುಕೂಲ ಸಿಎಸ್‌ಆರ್ ಆಗುವುದಿಲ್ಲ. ತನ್ನ ದಿನನಿತ್ಯದ ವ್ಯವಹಾರದ ಭಾಗವಾಗಿ ಮಾಡಿದ್ದೂ ಆಗುವುದಿಲ್ಲ. ನಿಯಮ ತಪ್ಪಲ್ಲ ಬಿಡಿ. ಹಾಗೆ ತಡೆಯದಿದ್ದರೆ ದೀಪಾವಳಿಯ ಬೋನಸ್ಸನ್ನೂ ಸಮಾಜಸೇವೆಯ ಲೆಕ್ಕಕ್ಕೆ ಬರೆಯುವ ಮಹನೀಯರು ನಮ್ಮಲ್ಲಿದ್ದಾರೆ. ಆದರೆ ಫಲ ಏನಾಯಿತು? ಕಂಪನಿ ಯಾರಿಗೆ ನಿಜವಾಗಿ ಋಣಿಯೋ ಅವರನ್ನು ಬಿಟ್ಟು ಬೇರೆಲ್ಲರಿಗೂ ಕೈ ಎತ್ತಿ ಕೊಟ್ಟು ಪುಣ್ಯ ಗಳಿಸಬಹುದು. ಸಾಲ ಕೊಟ್ಟವನ ಮುಖ ನೋಡದೆ ಅವನ ಬೀದಿಯಲ್ಲೇ ಅನ್ನಸಂತರ್ಪಣೆ ಮಾಡಿದ ಹಾಗೆ.

ಪುಣ್ಯಕ್ಕೂ ವಿಳಾಸ ಬೇಕು. ಐದು ಸರ್ಕಾರಿ ತೈಲ ಕಂಪನಿಗಳು ಗುಜರಾತಿನ ಏಕತಾ ಪ್ರತಿಮೆಗೆ ಒಟ್ಟು 146.83 ಕೋಟಿ ರೂಪಾಯಿ ಕೊಟ್ಟು, ರಾಷ್ಟ್ರೀಯ ಪರಂಪರೆಯ ರಕ್ಷಣೆ ಎಂದು ಸಿಎಸ್‌ಆರ್ ಲೆಕ್ಕಕ್ಕೆ ಬರೆದವು. ಇನ್ನೂ ಕಟ್ಟುತ್ತಿದ್ದ ಪ್ರತಿಮೆ ಪರಂಪರೆ ಆಗುವುದು ಹೇಗೆ? ಇದು ಸಿಎಸ್‌ಆರ್ ಅಲ್ಲ ಎಂದು ಸಿಎಜಿ 2018ರಲ್ಲಿ ಆಕ್ಷೇಪಿಸಿತು. ಪ್ರತಿಮೆ ಎದ್ದು ನಿಂತಿತು. 2020ರಲ್ಲಿ ಕೋವಿಡ್ ಬಂದಾಗ ಪಿಎಂ ಕೇರ್ಸ್‌ಗೆ ಕೊಟ್ಟರೆ ಸಿಎಸ್‌ಆರ್, ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟರೆ ಅಲ್ಲ ಎಂದು ಕೇಂದ್ರ ಹೇಳಿತು. ಸಮಾಜ ಯಾವುದು ಎಂದು ಕಂಪನಿಗಳಿಗೆ ಅರ್ಥವಾಯಿತು.

ಇನ್ನೊಂದು ತಮಾಷೆ. ಈ ಶೇ 2ರ ಬಾಬತ್ತಿನಲ್ಲಿ ತಪ್ಪಿದರೆ ಕಂಪನಿಗೆ ಒಂದು ಕೋಟಿವರೆಗೂ ದಂಡ ಬೀಳಬಹುದು. 166ನೇ ಕಲಮಿನ ಕರ್ತವ್ಯ ತಪ್ಪಿದ ನಿರ್ದೇಶಕನಿಗೆ ಹೆಚ್ಚೆಂದರೆ 5 ಲಕ್ಷ. ದಾನ ತಪ್ಪುವುದು ದುಬಾರಿ. ಧರ್ಮ ತಪ್ಪುವುದು ಅಗ್ಗ.

ಇದೆಲ್ಲ ಪುಸ್ತಕದ ಮಾತು ಎನ್ನುವವರು ಕೋಲಾರಕ್ಕೆ ಬನ್ನಿ. ನರಸಾಪುರ. ತೈವಾನಿನ ವಿಸ್ಟ್ರಾನ್ ಕಂಪನಿ ಅಲ್ಲಿ ಆ್ಯಪಲ್‌ಗಾಗಿ ಐಫೋನ್ ಜೋಡಿಸುತ್ತಿತ್ತು. 2020ರ ಡಿಸೆಂಬರ್ 12ರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಕಾರ್ಖಾನೆಯ ಗಾಜು ಒಡೆದರು, ವಾಹನ ಉರುಳಿಸಿದರು. ನೂರಕ್ಕೂ ಹೆಚ್ಚು ಮಂದಿಯನ್ನು ಪೊಲೀಸರು ಹಿಡಿದರು. ಒಡೆದದ್ದು ತಪ್ಪು. ಟಿವಿಗಳು ಅದನ್ನು ದಿನವಿಡೀ ಹೇಳಿದವು. ಹೂಡಿಕೆದಾರರಿಗೆ ಎಂಥ ಸಂದೇಶ ಹೋಗುತ್ತದೋ ಎಂದು ವಿಧಾನಸೌಧ ಕೊರಗಿತು. ಸಂಬಳ ಸರಿಯಾಗಿ ಬಂದಿತ್ತೇ ಎಂಬ ಪ್ರಶ್ನೆ ಆಮೇಲೆ ಬಂತು.

ಬಂದಿರಲಿಲ್ಲ. ಕಾರ್ಖಾನೆ ಇಲಾಖೆಯವರು ಹೋಗಿ ನೋಡಿದರು. 5,000 ಜನರಿಗೆ ಅನುಮತಿ ಇದ್ದ ಕಡೆ ಕೆಲವೇ ತಿಂಗಳಲ್ಲಿ ಸುಮಾರು 10,500 ಜನ ತುಂಬಿದ್ದರು. ಅಕ್ಟೋಬರಿನಿಂದ ಪಾಳಿ 12 ಗಂಟೆಗೆ ಏರಿತ್ತು. ಹಾಜರಾತಿಯ ವ್ಯವಸ್ಥೆ ಕೆಟ್ಟಿತ್ತು. ಹಾಜರಾತಿ ಕೆಟ್ಟರೆ ಓವರ್‌ಟೈಮ್ ಲೆಕ್ಕ ಕೆಡುತ್ತದೆ, ಓವರ್‌ಟೈಮ್ ಕೆಟ್ಟರೆ ಸಂಬಳ ಕೆಡುತ್ತದೆ. ಇಂಜಿನಿಯರಿಂಗ್ ಓದಿ ಬಂದವರು 21,000 ರೂಪಾಯಿ ಎಂದು ಹೇಳಿ ಕರೆದು 16,000 ಕೊಟ್ಟರು, ಆಮೇಲೆ 12,000 ಮಾಡಿದರು ಎಂದು ದೂರಿದರು. ಬಹುಪಾಲು ಜನ ಗುತ್ತಿಗೆಯವರು, ಆರು ಏಜೆನ್ಸಿಗಳ ಮೂಲಕ ಬಂದವರು. ಕಂಪನಿಯನ್ನು ಕೇಳಿದರೆ ಏಜೆನ್ಸಿ. ಏಜೆನ್ಸಿಯನ್ನು ಕೇಳಿದರೆ ಕಂಪನಿ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇದಕ್ಕೆ ಉತ್ತರ ಬರೆದಿಟ್ಟಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು. ಐವತ್ತು ವರ್ಷದ ಹಳೆಯ ಉತ್ತರ. ಕೇಳುವ ಕಿವಿ ಮಾತ್ರ ಇರಲಿಲ್ಲ.

ನಷ್ಟದ ಲೆಕ್ಕ ನೋಡಿ, ಈ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಅದು. ಕಂಪನಿ ಇಲ್ಲಿನ ಪೊಲೀಸರಿಗೆ ಕೊಟ್ಟ ದೂರಿನಲ್ಲಿ ನಷ್ಟ 437 ಕೋಟಿ ರೂಪಾಯಿ. ತೈವಾನಿನ ಷೇರುಪೇಟೆಗೆ ಕೊಟ್ಟ ವಿವರಣೆಯಲ್ಲಿ ಅದೇ ನಷ್ಟ, ನಮ್ಮ ಲೆಕ್ಕದಲ್ಲಿ ಸುಮಾರು 26ರಿಂದ 52 ಕೋಟಿ. ಒಂದೇ ಗಾಜು, ಒಂದೇ ಕಲ್ಲು. ಕೆಲಸಗಾರನ ಮೇಲೆ ಹೊರಿಸುವಾಗ ಒಂದು ಬೆಲೆ, ಷೇರುದಾರನಿಗೆ ಒಪ್ಪಿಸುವಾಗ ಇನ್ನೊಂದು. ಯಾರಿಗೆ ನಿಜ ಹೇಳಬೇಕು ಎಂದು ಕಂಪನಿಗೆ ಚೆನ್ನಾಗಿ ಗೊತ್ತು.

ಕೊನೆಗೆ ದಾರಿಗೆ ತಂದದ್ದು ಯಾರು? 166ನೇ ಕಲಮಲ್ಲ. ಆ್ಯಪಲ್. ಕೆಲಸಗಾರರ ವಿಷಯ ಸರಿಪಡಿಸುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದಿತು. ವಿಸ್ಟ್ರಾನ್ ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಕೊಟ್ಟಿರಲಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು. ಆರ್ಡರ್ ನಿಲ್ಲುತ್ತದೆ ಎಂದಾಗ ಆತ್ಮಸಾಕ್ಷಿ ಎಚ್ಚರವಾಯಿತು. ಲಾಭಕ್ಕೆ ಪೆಟ್ಟು ಬೀಳುವಾಗ ಮಾತ್ರ ಕೆಲಸಗಾರ ಸ್ಟೇಕ್‌ಹೋಲ್ಡರ್. 2023ರಲ್ಲಿ ಆ ಘಟಕವನ್ನು ಟಾಟಾಗೆ ಮಾರುವುದಾಗಿ ಘೋಷಿಸಿ ವಿಸ್ಟ್ರಾನ್ ಹೊರಟುಹೋಯಿತು. ನರಸಾಪುರ ಅಲ್ಲೇ ಇದೆ. ಷೇರುದಾರ ಮಾರಿ ಹೋಗಬಲ್ಲ, ಊರು ಹೋಗಲಾರದು. ಹೋಗಬಲ್ಲವನಿಗೇ ಹಕ್ಕೆಲ್ಲ ಏಕೆ ಎಂದು ಯಾವ ಅಧ್ಯಕ್ಷರ ಸಂದೇಶವೂ ಹೇಳುವುದಿಲ್ಲ.

ಈಗ ನಿಮ್ಮ ವಿಷಯ. ಹೌದು, ನೀವೇ. ಡಿಮ್ಯಾಟ್ ಖಾತೆ ಇದೆ ತಾನೇ? ಕೋಲಾರದ ಸುದ್ದಿಗೆ ಅಯ್ಯೋ ಪಾಪ ಎಂದವರೂ ನೀವೇ, ಕಂಪನಿ ಸಾವಿರ ಜನರನ್ನು ಮನೆಗೆ ಕಳಿಸಿದ ದಿನ ಷೇರು ಏರಿತು ಎಂದು ಆ್ಯಪ್ ನೋಡಿ ಖುಷಿಪಟ್ಟವರೂ ನೀವೇ.

ಹಾಗಾದರೆ ಒಂದು ಕೆಲಸ ಮಾಡಿ. ನಿಮ್ಮ ಕಂಪನಿಯ ವಾರ್ಷಿಕ ವರದಿಯಲ್ಲಿ ಮಕ್ಕಳ ಫೋಟೊ ದಾಟಿ ಮುಂದೆ ಹೋಗಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು ಬಿಆರ್‌ಎಸ್‌ಆರ್ ಎಂಬ ವರದಿ ಕೊಡಲೇಬೇಕೆಂದು ಸೆಬಿ ಹೇಳಿದೆ. ಅದರಲ್ಲಿ ಕಾಯಂ ಕೆಲಸಗಾರರು ಎಷ್ಟು, ಕಾಯಂ ಅಲ್ಲದವರು ಎಷ್ಟು, ಕನಿಷ್ಠ ಕೂಲಿ ಎಷ್ಟು ಜನಕ್ಕೆ, ನೀರು ಎಷ್ಟು ಎತ್ತಿದರು ಎಂದು ಬರೆದಿರುತ್ತದೆ. ಎಂಡಿಯ ಸಂಬಳ ನಡುವಿನ ದರ್ಜೆಯ ನೌಕರನ ಸಂಬಳದ ಎಷ್ಟು ಪಟ್ಟು ಎಂಬುದೂ ವಾರ್ಷಿಕ ವರದಿಯಲ್ಲಿ ಇರಲೇಬೇಕು. ಓದಿ. ವಾರ್ಷಿಕ ಸಭೆಯಲ್ಲಿ ಕೇಳಿ. ಉತ್ತರ ಬಾರದಿದ್ದರೆ ರಿಜಿಸ್ಟ್ರಾರಿಗೆ ಬರೆಯಿರಿ, ನಿರ್ದೇಶಕ ಕರ್ತವ್ಯ ತಪ್ಪಿದ್ದರೆ ನ್ಯಾಯಾಲಯಕ್ಕೆ ದೂರು ಕೊಡಿ. 439ನೇ ಕಲಮು ಆ ಹಕ್ಕನ್ನು ಗುತ್ತಿಗೆ ಕೆಲಸಗಾರನಿಗೆ ಕೊಟ್ಟಿಲ್ಲ, ನಿಮಗೆ ಕೊಟ್ಟಿದೆ. ಅದಕ್ಕೆ ಒಂದು ಷೇರಿದ್ದರೆ ಸಾಕು.